ಹೊಗಳಿಕೆಗೆ ಬರೆದ ಉತ್ತರ: ಭೋಸರಿಯ ಒಂದು ಟೂಲ್ ರೂಮಿನ ಪ್ರಕರಣ

ಮಂಗಳವಾರ ಮಧ್ಯಾಹ್ನ ಚಾಕಣದ ಗಿರಾಕಿಯ ಪ್ಲಾಂಟ್ ಹೆಡ್ ನಮ್ಮ ಮ್ಯಾನೇಜರ್ ಈರಣ್ಣನವರಿಗೆ ಒಂದು ಮೇಲ್ ಕಳಿಸಿದರು. ಅದರ ಸಾರ ಇಷ್ಟು: "ಎರಡು ವಾರದಿಂದ ನಮ್ಮವರಿಗೆ ಸಿಗದೆ ಇದ್ದ ಕಾರಣವನ್ನು ನೀವು ಒಂದೇ ನೋಟಕ್ಕೆ ಹಿಡಿದಿರಿ. ಸೋಮವಾರ ಬೆಳಗಿನ ಪಾಳಿಗೆ ಲೈನ್ ಶುರುವಾಯಿತು. ನಿಮ್ಮಂಥವರು ಒಬ್ಬರಿದ್ದರೆ ಸಾಕು." ಆ ಮೇಲ್‌ನ ಪ್ರತಿಗಳು ಅವರ ಕ್ವಾಲಿಟಿ ಮುಖ್ಯಸ್ಥರಿಗೆ, ಪರ್ಚೇಸ್ ವಿಭಾಗಕ್ಕೆ ಮತ್ತು ನಮ್ಮ ಮಾಲೀಕರಿಗೂ ಹೋಗಿದ್ದವು.

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಟೂಲ್ ರೂಮಿನಲ್ಲಿ, ಅಂದರೆ ಪ್ರೆಸ್ಸಿನ ಅಚ್ಚುಗಳನ್ನು ಮಾಡಿ ದುರಸ್ತಿ ಮಾಡುವ ಶಾಪಿನಲ್ಲಿ, ಗಿರಾಕಿಗಳ ಪತ್ರವ್ಯವಹಾರ ನನ್ನ ಪಾಲಿನ ಕೆಲಸ. ಈ ಮೇಲಿಗೆ ಉತ್ತರ ಬರೆಯುವಾಗ ಈರಣ್ಣನವರೂ ನಾನೂ ಒಂದು ದಿನ ಪೂರ್ತಿ ತಲೆ ಕೆಡಿಸಿಕೊಂಡೆವು. ಒಂದು ಧನ್ಯವಾದದ ಪತ್ರಕ್ಕೆ ಇಷ್ಟು ಹೊತ್ತು ಯಾಕೆ ಎಂದು ಕೇಳಿದವರೂ ಇದ್ದಾರೆ. ಆ ಹೊತ್ತು ಎಲ್ಲಿ ಹೋಯಿತು, ಯಾವ ಸಾಲು ಯಾಕೆ ಹಾಗಿದೆ ಎಂಬುದನ್ನು ಬಿಡಿಸಿ ಬರೆಯುತ್ತೇನೆ. ಇಲ್ಲಿ ಬರುವ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ.

ನಡೆದದ್ದು

ಗಿರಾಕಿಯ ಭಾಗ 1.2 ಮಿ.ಮೀ. ದಪ್ಪದ ತಗಡಿನಿಂದ ಆಗುವ ಒಂದು ಆಯತಾಕಾರದ ಕವರ್. ತಗಡನ್ನು ಒಂದು ಒತ್ತುಪಟ್ಟಿಯ ಮೇಲಿಟ್ಟಾಗ, ಮೇಲಿನಿಂದ ಇಳಿಯುವ ಡೈ, ಅಂದರೆ ಅಚ್ಚು, ತಗಡಿನ ಅಂಚನ್ನು ಆ ಪಟ್ಟಿಗೆ ಒತ್ತಿ ಹಿಡಿದು, ಕೆಳಗೆ ನಿಂತ ಪಂಚ್ ಮೇಲೆ ಅದನ್ನು ಡಬ್ಬಿಯ ಆಕಾರಕ್ಕೆ ಎಳೆಯುತ್ತದೆ. ಈ ಒತ್ತುಪಟ್ಟಿಯನ್ನು ಬ್ಲ್ಯಾಂಕ್ ಹೋಲ್ಡರ್ ಅನ್ನುತ್ತಾರೆ. ಹಿಡಿತ ಸಡಿಲಾದರೆ ತಗಡು ಸುಕ್ಕುಗಟ್ಟುತ್ತದೆ, ಬಿಗಿಯಾದರೆ ತಗಡು ಒಳಗೆ ಸರಿಯಲಾಗದೆ ಮೂಲೆಯಲ್ಲಿ ಬಿರಿಯುತ್ತದೆ. ಗಿರಾಕಿಯ ಕವರುಗಳು ಬಲಗಡೆಯ ಎರಡು ಮೂಲೆಗಳಲ್ಲಿ ಬಿರುಕು ಬಿಡುತ್ತಿದ್ದವು. ಹೊಸ ಕಾಯಿಲ್‌ನ, ಅಂದರೆ ಹೊಸದಾಗಿ ಹಾಕಿದ ಸುರುಳಿಯ, ತಗಡು ಕಳಪೆ ಎಂದು ಅವರಿಗೆ ಖಾತ್ರಿಯಾಗಿತ್ತು. ಅದಲ್ಲದಿದ್ದರೆ ಡೈಯ ಮೂಲೆಯ ತ್ರಿಜ್ಯವನ್ನು ಗ್ರೈಂಡ್ ಮಾಡಿ ದೊಡ್ಡದು ಮಾಡಿಕೊಡಿ ಎಂದು ಶುಕ್ರವಾರ ಸಂಜೆ ನಮಗೆ ಫೋನ್ ಮಾಡಿದರು.

ಶನಿವಾರ ಈರಣ್ಣನವರು ಫಿಟ್ಟರ್ ಮಲ್ಲಪ್ಪನನ್ನೂ ಕ್ವಾಲಿಟಿಯ ಸುವರ್ಣಾಳನ್ನೂ ಕರೆದುಕೊಂಡು ಚಾಕಣಕ್ಕೆ ಹೋದರು. ಮಲ್ಲಪ್ಪ ವಿಜಯಪುರದ ಇಂಡಿ ಕಡೆಯವನು, ಸುವರ್ಣಾ ಅಕ್ಕಲಕೋಟೆಯವಳು, ಈರಣ್ಣನವರು ಗೋಕಾಕದವರು. ಶಾಪಿನಲ್ಲಿ ಮರಾಠಿಯಷ್ಟೇ ಕನ್ನಡವೂ ಕೇಳಿಸುತ್ತದೆ.

ಗಿರಾಕಿಯ ಪ್ರೆಸ್ ಆಪರೇಟರ್ ಸಂತೋಷ್ ಒಂದು ಕೆಲಸ ಮಾಡಿಟ್ಟಿದ್ದ. ಕೆಲವು ವಾರಗಳಿಂದ ಪ್ರತಿ ಪಾಳಿಯಲ್ಲೂ ಒಂದೆರಡು ಕವರುಗಳನ್ನು ಎತ್ತಿಟ್ಟು, ಒಳಗಡೆ ಸೀಮೆಸುಣ್ಣದಿಂದ ತಾರೀಖು ಮತ್ತು ಕಾಯಿಲ್ ನಂಬರ್ ಬರೆದು, ಪ್ರೆಸ್ಸಿನ ಹಿಂದೆ ಸಾಲಾಗಿ ಜೋಡಿಸಿದ್ದ. ಸುವರ್ಣಾ ಆ ಸಾಲಿನ ಪ್ರತಿಯೊಂದು ಕವರಿನ ಅದೇ ಮೂಲೆಯ ಅದೇ ಜಾಗದಲ್ಲಿ ದಪ್ಪ ಅಳೆದಳು. ಸಾಲಿನ ಆರಂಭದಲ್ಲಿ ಇದ್ದ ದಪ್ಪ ಬರಬರುತ್ತ ಇಳಿದು, ಬಿರುಕಿನ ಹಿಂದಿನ ಕವರಿನಲ್ಲಿ 0.84 ಮಿ.ಮೀ.ಗೆ ಬಂದಿತ್ತು. ಅಂದರೆ ಮೂಲ ದಪ್ಪದ 30 ಪ್ರತಿಶತ ಅಲ್ಲಿ ಎಳೆದು ಹೋಗಿತ್ತು. ಮುಖ್ಯವಾದ ಸಂಗತಿ ಬೇರೆ: ಇಳಿಕೆ ಶುರುವಾದದ್ದು ಹಳೆಯ ಕಾಯಿಲ್ ಇನ್ನೂ ಓಡುತ್ತಿದ್ದಾಗಲೇ. ತಗಡಿನ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಎಡಗಡೆಯ ಮೂಲೆಗಳಲ್ಲಿ ದಪ್ಪ ಸರಿಯಾಗಿಯೇ ಇತ್ತು. ತೊಂದರೆ ಒಂದೇ ಬದಿಗೆ ಇದ್ದದ್ದರಿಂದ ಮಲ್ಲಪ್ಪ ಬ್ಲ್ಯಾಂಕ್ ಹೋಲ್ಡರಿಗೆ ತೆಳ್ಳಗೆ ನೀಲಿ ಬಣ್ಣ ಬಳಿದು, ಹಿಡಿತ ಎಲ್ಲಿ ಬೀಳುತ್ತದೆ ಎಂದು ನೋಡಲು ತಗಡಿಟ್ಟು ಪ್ರೆಸ್ಸನ್ನು ನಿಧಾನ ಇಳಿಸಿದ. ತಗಡಿನ ಮೇಲೆ ಬಲಗಡೆ ನೀಲಿ ಗಟ್ಟಿಯಾಗಿ ಮೂಡಿತು, ಎಡಗಡೆ ಅಲ್ಲಲ್ಲಿ ಮಾತ್ರ. ಹೋಲ್ಡರನ್ನು ಕೆಳಗಿನಿಂದ ಎತ್ತಿ ಹಿಡಿಯುವ ಕುಷನ್ ಪಿನ್‌ಗಳನ್ನು ಹೊರಗೆ ತೆಗೆಸಿ ಒಂದರ ಪಕ್ಕ ಒಂದು ನಿಲ್ಲಿಸಿ ನೋಡಿದರೆ, ಬಲಗಡೆಯ ಎರಡು ಪಿನ್ ಹೊಸವು, ಉಳಿದವು ಸವೆದು ಅವಕ್ಕಿಂತ ಸುಮಾರು 0.4 ಮಿ.ಮೀ. ಗಿಡ್ಡವಾಗಿದ್ದವು. ಭಾರವೆಲ್ಲ ಆ ಎರಡೇ ಪಿನ್‌ಗಳ ಮೇಲೆ ಬಂದು ಬಲಗಡೆ ಹಿಡಿತ ಬಿಗಿಯಾಗಿತ್ತು. ಆ ಬಿಗಿತದಲ್ಲಿ ತಗಡಿನ ಕಣಗಳು ಡೈಯ ಬಲ ಮೂಲೆಗಳಿಗೆ ಮೆತ್ತಿಕೊಂಡು ಅಲ್ಲಿ ಒರಟು ಬೆಳೆಯುತ್ತ ಹೋಗಿತ್ತು. ದಪ್ಪ ದಿನದಿಂದ ದಿನಕ್ಕೆ ಇಳಿದದ್ದು ಅದಕ್ಕೇ.

ಭಾನುವಾರ ಡೈ ಮತ್ತು ಪಿನ್‌ಗಳು ಭೋಸರಿಗೆ ಬಂದವು. ದತ್ತಾ ಎಲ್ಲ ಪಿನ್‌ಗಳನ್ನೂ ಅತಿ ಗಿಡ್ಡದ ಪಿನ್ನಿನ ಉದ್ದಕ್ಕೆ ಗ್ರೈಂಡ್ ಮಾಡಿ, ಒಂದಕ್ಕೊಂದು 0.02 ಮಿ.ಮೀ. ಒಳಗೆ ತಂದ. ಸಲೀಂ ಭಾಯಿ ಮೂಲೆಗಳನ್ನು ಪಾಲಿಶ್ ಮಾಡಿದರು. ಅವರು ನಮ್ಮ ಪಗಾರದ ಮೇಲಿಲ್ಲ, ಜಾಬ್ ವರ್ಕಿಗೆ ಬರುವವರು, ಭೋಸರಿಯ ಇನ್ನೂ ಕೆಲವು ಶಾಪುಗಳಿಗೂ ಮಾಡುತ್ತಾರೆ. ತಗಡು ಸರಿಯುವ ದಿಕ್ಕಿನಲ್ಲೇ ಕಲ್ಲು ಆಡಿಸಬೇಕು; ಅಡ್ಡ ಆಡಿಸಿದರೆ ಕಣ್ಣಿಗೆ ಹೊಳೆಯುತ್ತದೆ, ಆದರೆ ಆ ಅಡ್ಡಗೆರೆಗಳಿಗೇ ತಗಡು ಮತ್ತೆ ಮೆತ್ತಿಕೊಳ್ಳುತ್ತದೆ. ಸೋಮವಾರ ಬೆಳಗಿನ ಟ್ರಯಲ್‌ನಲ್ಲಿ ಅದೇ ಮೂಲೆಯಲ್ಲಿ 1.02 ಮಿ.ಮೀ. ಉಳಿಯಿತು, ಎಳೆತ 15 ಪ್ರತಿಶತಕ್ಕೆ ಇಳಿಯಿತು.

ಈರಣ್ಣನವರು ಏನು ಮಾಡಿದರು? ತ್ರಿಜ್ಯ ದೊಡ್ಡದು ಮಾಡಿ ಎಂದು ಗಿರಾಕಿ ಒತ್ತಾಯಿಸುತ್ತಿದ್ದಾಗ, ಕಾರಣ ಸಿಗುವ ತನಕ ಡೈಗೆ ಕೈ ಹಚ್ಚುವುದಿಲ್ಲ ಎಂದು ಹಿಡಿದು ನಿಂತರು. ಶನಿವಾರ ಪ್ರೆಸ್ಸನ್ನು ಅರ್ಧ ದಿನ ನಮ್ಮ ಕೈಗೆ ಬಿಟ್ಟುಕೊಡಲು ಪ್ಲಾಂಟ್ ಹೆಡ್ಡನ್ನು ಒಪ್ಪಿಸಿದರು. ಗ್ರೈಂಡ್ ಮಾಡಿದ ಉಕ್ಕು ಮರಳಿ ಬರುವುದಿಲ್ಲ, ಹಾಗಾಗಿ ಆ ನಿರ್ಧಾರ ಸಣ್ಣದಲ್ಲ. ಆದರೆ ಕಾರಣವನ್ನು ಒಂದೇ ನೋಟಕ್ಕೆ ಹಿಡಿದವರು ಅವರಲ್ಲ.

ಈರಣ್ಣನವರ ಮೊದಲ ಕರಡು

ಮೇಲ್ ಬಂದು ಹತ್ತು ನಿಮಿಷದಲ್ಲಿ ಅವರು ಉತ್ತರ ಟೈಪ್ ಮಾಡಿ, ಕಳಿಸುವ ಮುಂಚೆ ನನಗೆ ತೋರಿಸಿದರು. "ನಿಮ್ಮ ಒಳ್ಳೆಯ ಮಾತಿಗೆ ಧನ್ಯವಾದ. ನಾನು ನೆಪ ಮಾತ್ರ. ಇದು ನಮ್ಮ ಇಡೀ ತಂಡದ ಶ್ರಮ. ಮುಂದೆಯೂ ನಿಮ್ಮ ಸೇವೆಗೆ ಸಿದ್ಧ."

ಮನಸ್ಸಿನಿಂದಲೇ ಬರೆದಿದ್ದರು. ಆದರೆ ಓದುವವರ ಕಡೆಯಿಂದ ನೋಡಿ. ಗಿರಾಕಿಯ ತಲೆಯಲ್ಲಿ ಒಂದು ಕಥೆ ಇದೆ: ಈರಣ್ಣ ಬಂದರು, ನೋಡಿದರು, ಹಿಡಿದರು. ಈ ಉತ್ತರ ಓದಿದ ಮೇಲೂ ಆ ಕಥೆ ಹಾಗೇ ಉಳಿಯುತ್ತದೆ, ಜೊತೆಗೆ ಈರಣ್ಣನವರು ವಿನಯವಂತರು ಎಂಬುದೊಂದು ಸೇರುತ್ತದೆ. "ಇಡೀ ತಂಡ" ಎಂದಾಗ ಸುವರ್ಣಾಳ ಮುಖ ಯಾರ ಕಣ್ಣ ಮುಂದೂ ಬರುವುದಿಲ್ಲ. ಶ್ರೇಯ ಹಂಚಿದಂತೆ ಕಾಣುತ್ತದೆ, ಒಬ್ಬರ ಕೈಗೂ ಏನೂ ಸೇರುವುದಿಲ್ಲ.

"ನಾನು ನೆಪ ಮಾತ್ರ" ಎಂಬುದು ಇನ್ನೂ ತೊಂದರೆಯ ಮಾತು. ಅದು ನಿಜವಲ್ಲ. ಗಿರಾಕಿಗೆ ನಾಳೆ ಇನ್ನೊಂದು ಡೈ ಕೆಟ್ಟಾಗ, ಒತ್ತಾಯಕ್ಕೆ ಮಣಿಯದೆ ನಿಲ್ಲುವ ಮ್ಯಾನೇಜರ್ ಈ ಶಾಪಿನಲ್ಲಿದ್ದಾರೆ ಎಂಬ ಸಂಗತಿ ಬೇಕಾಗುತ್ತದೆ. ಅದನ್ನು ಅಳಿಸಿದರೆ ಉಪಕಾರವಾಗುವುದು ಯಾರಿಗೂ ಇಲ್ಲ. ಹೊಗಳಿದವರ ಮಾತನ್ನು ಹೀಗೆ ಪಕ್ಕಕ್ಕೆ ಸರಿಸಿದರೆ ಅವರಿಗೂ ಸ್ವಲ್ಪ ಮುಜುಗರವೇ.

ನನ್ನ ಅಭಿಪ್ರಾಯ ಅವರಿಗೆ ಹೇಳಿದೆ: ಈ ಉತ್ತರವನ್ನು ವಿನಯದ ಪತ್ರ ಎಂದು ತಿಳಿಯುವುದು ಬೇಡ, ತಿದ್ದುಪಡಿಯ ಪತ್ರ ಎಂದು ತಿಳಿಯೋಣ. ನಡೆದದ್ದರ ಬಗ್ಗೆ ಗಿರಾಕಿಗೆ ಅರ್ಧ ಮಾಹಿತಿ ಹೋಗಿದೆ, ಪೂರ್ತಿ ಮಾಡಿ ಕೊಡೋಣ. ಈರಣ್ಣನವರು ಕೇಳಿದರು, "ಹಂಗಾದ್ರ ನನ್ನ ಹೆಸರ ತಗದ ಬಿಡೋಣೇನು?" ತೆಗೆಯುವುದು ಬೇಡ, ಅದು ಎಲ್ಲಿರಬೇಕೋ ಅಲ್ಲಿಡೋಣ ಅಂದೆ.

ಯಾರು ಏನು ಮಾಡಿದರು ಎಂದು ಕೇಳಿದ್ದು

ಹೆಚ್ಚು ಹೊತ್ತು ಹೋದದ್ದು ಇಲ್ಲಿ. ಈರಣ್ಣನವರು ಮೂರೂ ದಿನ ಸ್ಥಳದಲ್ಲೇ ಇದ್ದರೂ ಅವರ ನೆನಪಿನಲ್ಲಿ ಎಲ್ಲವೂ ಇರಲಿಲ್ಲ. ಪಿನ್ ತೆಗೆಸಿ ನೋಡೋಣ ಎಂದದ್ದು ಯಾರು ಎಂದು ಕೇಳಿದರೆ, "ನಾವು ಮಾತಾಡ್ಕೋತ ನಿಂತಿದ್ವಿ, ಯಾರೋ ಅಂದ್ರು" ಅಂದರು. ಈ "ಯಾರೋ" ಯಾರು ಎಂದು ಪತ್ತೆ ಹಚ್ಚದೆ ಬರೆದರೆ, ಪತ್ರ ಒಂದು ತಪ್ಪನ್ನು ತಿದ್ದುವ ಬದಲು ಇನ್ನೊಂದನ್ನು ಹುಟ್ಟಿಸುತ್ತದೆ.

ಹಾಗಾಗಿ ಬುಧವಾರ ಬೆಳಿಗ್ಗೆ ಒಬ್ಬೊಬ್ಬರನ್ನೇ ಕೇಳಿದೆ. "ನೀವೇನು ಮಾಡಿದಿರಿ" ಎಂದರೆ ನಮ್ಮವರು ಏನೂ ಹೇಳುವುದಿಲ್ಲ. ಸುವರ್ಣಾ ಅಂದದ್ದು, "ನಾ ಏನ್ ಮಾಡೇನ್ರಿ, ಬರೇ ಅಳತಿ ತಗದೇನಿ." ಪ್ರಶ್ನೆ ಬದಲಿಸಿದೆ: ನೀನು ಬರುವ ಮುಂಚೆ ಅವರು ಏನಂದುಕೊಂಡಿದ್ದರು, ನೀನು ಅಳೆದ ಮೇಲೆ ಏನು ಬದಲಾಯಿತು? ಆಗ ನೋಟ್‌ಬುಕ್ ತೆಗೆದಳು. ಪೆನ್ಸಿಲಿನಲ್ಲಿ ಎರಡು ಕಾಲಮ್, ಒಂದರಲ್ಲಿ ತಾರೀಖು, ಇನ್ನೊಂದರಲ್ಲಿ ದಪ್ಪ, ಕಾಯಿಲ್ ಬದಲಾದ ಕಡೆ ಅಡ್ಡ ಗೆರೆ. ಗೆರೆಯ ಮೇಲಿನ ನಾಲ್ಕು ಅಂಕಿಗಳ ಸುತ್ತ ವೃತ್ತ ಎಳೆದಿದ್ದಳು. ದಪ್ಪ ಇಳಿಯತೊಡಗಿದ್ದು ಕಾಯಿಲ್ ಬದಲಾಗುವ ಮುಂಚೆ ಎಂದು ಮೊದಲು ಕಂಡದ್ದು ಅವಳಿಗೆ. ಅಲ್ಲೇ ಎಲ್ಲರಿಗೂ ತೋರಿಸಿದ್ದೂ ಅವಳೇ.

ಪಿನ್‌ಗಳ ಮಾತು ತೆಗೆದದ್ದು ಮಲ್ಲಪ್ಪ ಎಂದು ಸುವರ್ಣಾಳೇ ಹೇಳಿದಳು. ಮಲ್ಲಪ್ಪನನ್ನು ಕೇಳಿದರೆ, "ಒಂದ ಬಾಜೂನ ಹರದತಿ ಅಂದ್ರ ಕೆಳಗ ನೋಡಬೇಕಲ್ರಿ. ಅದರಾಗೇನ ಬರಿಯೂದೈತಿ?" ತನ್ನ ಕೆಲಸವನ್ನು ತಾನೇ ಹೇಳಿಕೊಳ್ಳಲು ಸಂಕೋಚಪಡುವವರ ಬಗ್ಗೆ ಪಕ್ಕದವರನ್ನು ಕೇಳುವುದು ಒಳ್ಳೆಯದು. ಅದರಿಂದ ಇನ್ನೊಂದು ಅನುಕೂಲವೂ ಉಂಟು: ಇಬ್ಬರ ಮಾತು ತಾಳೆಯಾದರೆ ಆ ಸಾಲನ್ನು ಧೈರ್ಯವಾಗಿ ಬರೆಯಬಹುದು.

ಬರೆದ ಪ್ರತಿ ಸಾಲಿಗೂ ಒಂದು ಪರೀಕ್ಷೆ ಇಟ್ಟುಕೊಂಡೆ. ಇದೇ ಸಾಲನ್ನು ಹೋದ ತಿಂಗಳ ಬೇರೊಂದು ಕೆಲಸದ ಪತ್ರಕ್ಕೂ ಹಾಕಬಹುದೇ? "ದತ್ತಾ ಹೊತ್ತು ನೋಡದೆ ಕಷ್ಟಪಟ್ಟು ದುಡಿದ" ಎಂಬುದನ್ನು ಎಲ್ಲಿಗೆ ಬೇಕಾದರೂ ಹಾಕಬಹುದು. "ಎಲ್ಲ ಪಿನ್‌ಗಳನ್ನೂ 0.02 ಮಿ.ಮೀ. ಒಳಗೆ ಒಂದೇ ಉದ್ದಕ್ಕೆ ತಂದ" ಎಂಬುದು ಈ ಕೆಲಸಕ್ಕೆ ಮಾತ್ರ ಸಲ್ಲುತ್ತದೆ. ಎರಡನೆಯದನ್ನು ಓದಿದ ಪ್ಲಾಂಟ್ ಹೆಡ್‌ಗೆ ದತ್ತಾನ ಕೈಯ ಹದ ತಿಳಿಯುತ್ತದೆ. ಮೊದಲನೆಯದರಿಂದ ದಣಿವು ಮಾತ್ರ ತಿಳಿಯುತ್ತದೆ.

ಎಲ್ಲರ ಹೆಸರೂ ಬರಲಿಲ್ಲ. ಡೈ ತಂದ ಟೆಂಪೊ ಚಾಲಕ, ಸ್ಟೋರಿನ ಹುಡುಗ, ಊಟ ತರಿಸಿದವರು, ಎಲ್ಲರೂ ಆ ಭಾನುವಾರ ದುಡಿದವರೇ. ಆದರೆ ಹತ್ತು ಹನ್ನೆರಡು ಹೆಸರಿನ ಪಟ್ಟಿಯನ್ನು ಯಾರೂ ಓದುವುದಿಲ್ಲ; ಓದದ ಪಟ್ಟಿಯಲ್ಲಿ ಸುವರ್ಣಾಳ ಹೆಸರಿದ್ದೂ ಇಲ್ಲದಂತೆ. ಬಿರುಕು ಹೋಗಲು ನೇರವಾಗಿ ಕಾರಣವಾದ ಕೆಲಸ ಯಾರದ್ದೋ ಅವರ ಹೆಸರು ಎಂದು ಗೆರೆ ಎಳೆದೆವು. ಉಳಿದವರಿಗೆ ಈರಣ್ಣನವರು ಖುದ್ದಾಗಿ ಮಾತಿನಲ್ಲೇ ಧನ್ಯವಾದ ಹೇಳಬೇಕು, ಪತ್ರ ಹೋಗುವ ಮುಂಚೆಯೇ ಹೇಳಬೇಕು ಎಂದೂ ಮಾತಾಯಿತು.

ಹೆಸರು ಬರೆದರೆ ಯಾರಿಗೆ ತೊಂದರೆ

ಸಂತೋಷ್ ಗಿರಾಕಿಯ ಕಡೆಯವನು, ಆದರೆ ಅವನ ಸಾಲು ಇಲ್ಲದಿದ್ದರೆ ಸುವರ್ಣಾಳಿಗೆ ಅಳೆಯಲು ಏನೂ ಇರುತ್ತಿರಲಿಲ್ಲ. ಅವನ ಹೆಸರು ಮೊದಲು ಬರಬೇಕು ಎಂದು ಇಬ್ಬರಿಗೂ ಅನ್ನಿಸಿತು. ಬರೆಯಲು ಕೂತಾಗ ಒಂದು ಅಳುಕು ಬಂತು. ಪ್ರೆಸ್ ಶಾಪಿನಲ್ಲಿ ರಿಜೆಕ್ಟ್ ಆದ ಭಾಗ ಕೂಡಲೇ ಕೆಂಪು ಡಬ್ಬಕ್ಕೆ ಬೀಳಬೇಕು, ಎಣಿಕೆಗೆ ಬರಬೇಕು. ಒಳ್ಳೆಯ ಮಾಲಿನ ಜೊತೆ ಬೆರೆತು ಹೋಗಬಾರದು ಎಂಬುದಕ್ಕೇ ಆ ನಿಯಮ. ಇವನು ಪ್ರೆಸ್ಸಿನ ಹಿಂದೆ ಇಟ್ಟುಕೊಂಡಿದ್ದ. ನಾವು ಮೆಚ್ಚಿ ಬರೆದ ಸಾಲನ್ನು ಅವರ ಕ್ವಾಲಿಟಿ ಮುಖ್ಯಸ್ಥರು ನಿಯಮ ಮುರಿದದ್ದಕ್ಕೆ ಸಾಕ್ಷಿ ಎಂದು ಓದಿದರೆ? ಮಲ್ಲಪ್ಪನ ಹತ್ತಿರ ಸಂತೋಷನ ನಂಬರ್ ಇತ್ತು, ಫೋನ್ ಮಾಡಿ ಕೇಳಿದ. ಸೂಪರ್‌ವೈಸರಿಗೆ ಹೇಳಿಯೇ ಇಟ್ಟಿದ್ದು, ಎಣಿಕೆಯಲ್ಲೂ ಬರೆಸಿದ್ದು ಎಂದು ಸಂತೋಷ್ ಹೇಳಿದ. ಹೆಸರು ಬರೆಯಲೂ ಒಪ್ಪಿದ. "ಸೂಪರ್‌ವೈಸರ ಒಪ್ಪಿಗೆ ಪಡೆದು" ಎಂಬ ಮೂರು ಪದ ಪತ್ರಕ್ಕೆ ಬಂದದ್ದು ಹೀಗೆ. ಒಪ್ಪಿಗೆ ಇರದಿದ್ದರೆ ಅವನ ಹೆಸರನ್ನು ಬಿಟ್ಟು, "ನಿಮ್ಮ ಪ್ರೆಸ್ ವಿಭಾಗದವರು ಕಾದಿಟ್ಟ ಮಾದರಿಗಳು" ಎಂದಷ್ಟೇ ಬರೆಯುತ್ತಿದ್ದೆವು.

ಎರಡು ಹೊಸ ಪಿನ್ ಹಾಕಿದವರು ಗಿರಾಕಿಯ ಮೇಂಟೆನೆನ್ಸಿನವರು. ತೊಂದರೆಯ ಬೇರು ಅದೇ. ಆ ಸಂಗತಿ ಸೋಮವಾರ ಕೊಟ್ಟ ತಾಂತ್ರಿಕ ವರದಿಯಲ್ಲಿ ಆಗಲೇ ಇತ್ತು: ಪಿನ್ ಬದಲಿಸುವಾಗ ಪೂರ್ತಿ ಸೆಟ್ ಬದಲಿಸಿ, ಉದ್ದ ತಾಳೆ ನೋಡಿ ಎಂದು. ಅದನ್ನು ಮೆಚ್ಚುಗೆಯ ಪತ್ರದಲ್ಲಿ ಮತ್ತೆ ಎತ್ತಿದರೆ, ನಮ್ಮವರ ಹೆಸರಿನ ಹೊಳಪಿಗೆ ಅವರ ಮೇಂಟೆನೆನ್ಸಿನವರನ್ನು ತಿಕ್ಕಿದಂತಾಗುತ್ತದೆ. ಪತ್ರದಲ್ಲಿ ಪಿನ್‌ಗಳ ಉದ್ದ ಬೇರೆಬೇರೆ ಇತ್ತು ಎಂದಷ್ಟೇ ಇದೆ, ಯಾಕೆ ಎಂದಿಲ್ಲ.

ಸಲೀಂ ಭಾಯಿಯವರ ವಿಷಯದಲ್ಲಿ ಮಾಲೀಕರು ಅನುಮಾನಿಸಿದರು. ಹೊರಗಿನವರು, ಹೆಸರು ಕೊಟ್ಟರೆ ಗಿರಾಕಿ ನಾಳೆ ನೇರ ಅವರನ್ನೇ ಕರೆಸಬಹುದು. ಇದು ಬರಿಯ ಭಯವಲ್ಲ, ಭೋಸರಿಯಲ್ಲಿ ಆಗುವಂಥದ್ದೇ. ಈರಣ್ಣನವರ ವಾದ ನೇರವಾಗಿತ್ತು: ಅವರ ಹೆಸರು ಬಿಟ್ಟು ಪಾಲಿಶ್ ಆಯಿತು ಎಂದು ಬರೆದರೆ, ಅದು ನಮ್ಮ ಪಗಾರದವರೇ ಮಾಡಿದ್ದು ಎಂದು ಗಿರಾಕಿ ತಿಳಿಯುತ್ತಾರೆ, ಅದು ಸುಳ್ಳಾಗುತ್ತದೆ. ಕೊನೆಗೆ "ನಮ್ಮ ಜೊತೆ ಕೆಲಸ ಮಾಡುವ ಪಾಲಿಶರ್ ಸಲೀಂ" ಎಂದು ಬರೆದೆವು. ನಂಬರ್ ಕೊಡಲಿಲ್ಲ. ಸಲೀಂ ಭಾಯಿಯವರನ್ನೂ ಕೇಳಿದೆವು. ತಮ್ಮ ಹೆಸರು ಗಿರಾಕಿಯ ಪತ್ರಕ್ಕೆ ಹೋಗುತ್ತಿರುವುದು ಇದೇ ಮೊದಲು ಎಂದರು.

ಕಳಿಸಿದ ಪತ್ರ

ಮೂಲ ಇಂಗ್ಲಿಷಿನಲ್ಲಿತ್ತು. ಅದರ ಕನ್ನಡ ರೂಪ ಇದು.

"ಮಾನ್ಯರೇ,

ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಸೋಮವಾರದ ಮೊದಲ ಪಾಳಿ ತಪ್ಪಬಾರದು ಎಂಬುದೊಂದೇ ನಮಗಿದ್ದದ್ದು. ಅದು ಆಯಿತೆಂದು ನಿಮ್ಮಿಂದ ಕೇಳಿದ್ದು ಸಮಾಧಾನ ತಂದಿತು.

ಕಾರಣ ಸಿಕ್ಕ ಬಗೆಯನ್ನು ನಿಮಗೆ ತಿಳಿಸಬೇಕೆನಿಸಿತು, ಯಾಕೆಂದರೆ ಅದರಲ್ಲಿ ನಿಮ್ಮವರದೂ ಪಾಲಿದೆ. ನಿಮ್ಮ ಆಪರೇಟರ್ ಸಂತೋಷ್, ಸೂಪರ್‌ವೈಸರ ಒಪ್ಪಿಗೆ ಪಡೆದು, ದಿನದಿನದ ಕವರುಗಳನ್ನು ತಾರೀಖು ಮತ್ತು ಕಾಯಿಲ್ ನಂಬರ್ ಹಾಕಿ ಇಟ್ಟಿದ್ದರು. ಆ ಕವರುಗಳ ಮೂಲೆಯನ್ನು ಸಾಲಾಗಿ ಅಳೆದು, ತಗಡು ತೆಳುವಾಗತೊಡಗಿದ್ದು ಕಾಯಿಲ್ ಬದಲಾಗುವ ಮುಂಚೆಯೇ ಎಂದು ತೋರಿಸಿದವರು ನಮ್ಮ ಕ್ವಾಲಿಟಿಯ ಸುವರ್ಣಾ. ಹಾಗಾಗಿ ನಾವು ತಗಡನ್ನು ಬಿಟ್ಟು ಪ್ರೆಸ್ಸಿನ ಕಡೆ ನೋಡಿದೆವು. ನಮ್ಮ ಫಿಟ್ಟರ್ ಮಲ್ಲಪ್ಪ ನೀಲಿ ಬಳಿದು ಹಿಡಿತ ಒಂದೇ ಬದಿಗಿರುವುದನ್ನು ಕಂಡು, ಕುಷನ್ ಪಿನ್‌ಗಳ ಉದ್ದ ಬೇರೆಬೇರೆ ಇರುವುದನ್ನು ಪತ್ತೆ ಮಾಡಿದರು. ದತ್ತಾ ಎಲ್ಲ ಪಿನ್‌ಗಳನ್ನೂ 0.02 ಮಿ.ಮೀ. ಒಳಗೆ ಒಂದೇ ಉದ್ದಕ್ಕೆ ತಂದರು. ನಮ್ಮ ಜೊತೆ ಕೆಲಸ ಮಾಡುವ ಪಾಲಿಶರ್ ಸಲೀಂ, ತಗಡು ಸರಿಯುವ ದಿಕ್ಕಿನಲ್ಲಿ ಪಾಲಿಶ್ ಮಾಡಿ ಮೂಲೆಗಳನ್ನು ಸ್ವಚ್ಛಗೊಳಿಸಿದರು.

ಕಾರಣ ತಿಳಿಯುವವರೆಗೆ ಡೈ ಗ್ರೈಂಡ್ ಮಾಡುವುದು ಬೇಡ ಎಂಬ ನಿರ್ಧಾರ ನನ್ನದು. ಲೈನ್ ನಿಂತಿದ್ದರೂ ನೀವು ಅರ್ಧ ದಿನ ಪ್ರೆಸ್ ಕೊಟ್ಟದ್ದರಿಂದ ಅದು ಸಾಧ್ಯವಾಯಿತು.

ನಿಮ್ಮ ಪತ್ರವನ್ನು ಇವರೆಲ್ಲರಿಗೂ ಓದಿ ಹೇಳುತ್ತೇನೆ. ಈ ಡೈ ವಿಷಯದಲ್ಲಿ ಏನೇ ಇದ್ದರೂ ಎಂದಿನಂತೆ ನನಗೇ ಬರೆಯಿರಿ.

ಈರಣ್ಣ"

ಸಾಲುಗಳ ಹಿಂದಿನ ವಿಚಾರ

"ನಾನು ಹಿಡಿಯಲಿಲ್ಲ, ನೀವು ತಪ್ಪು ತಿಳಿದಿದ್ದೀರಿ" ಎಂಬ ಮಾತು ಎಲ್ಲೂ ಇಲ್ಲ. ಪ್ರತಿ ಹೋದವರ ಎದುರು ಪ್ಲಾಂಟ್ ಹೆಡ್ಡರ ಮಾತನ್ನು ಅಲ್ಲಗಳೆಯುವ ಅಗತ್ಯವಿರಲಿಲ್ಲ. ಕಾರಣ ಸಿಕ್ಕ ಬಗೆಯನ್ನು ಕ್ರಮವಾಗಿ ಹೇಳಿದರೆ ಸಾಕು, ಹಿಡಿದವರು ಯಾರು ಎಂಬುದು ತಾನಾಗಿಯೇ ತಿಳಿಯುತ್ತದೆ.

ಹೆಸರುಗಳ ಕ್ರಮ ಹುದ್ದೆಯದಲ್ಲ, ಕೆಲಸ ನಡೆದ ಕ್ರಮ. ಒಬ್ಬರ ಕೆಲಸ ಮುಂದಿನವರಿಗೆ ದಾರಿ ಮಾಡಿದ್ದು ಆ ಕ್ರಮದಿಂದಲೇ ಕಾಣುತ್ತದೆ. ಹುದ್ದೆಯ ಪ್ರಕಾರ ಬರೆದಿದ್ದರೆ ಸಂತೋಷ್ ಕೊನೆಗೆ ಬೀಳುತ್ತಿದ್ದ, ಓದುವವರಿಗೆ ಕಥೆಯೂ ಹತ್ತುತ್ತಿರಲಿಲ್ಲ. "ಅದ್ಭುತ", "ಅಪ್ರತಿಮ" ಮೊದಲಾದ ವಿಶೇಷಣಗಳನ್ನು ನಾನೇ ಹೊಡೆದು ಹಾಕಿದೆ. ಒಬ್ಬರಿಗೆ ಅದ್ಭುತ, ಇನ್ನೊಬ್ಬರಿಗೆ ಉತ್ತಮ ಎಂದು ಬಂದರೆ ಶಾಪಿನಲ್ಲಿ ಅದನ್ನೇ ತೂಕ ಹಾಕುತ್ತಾರೆ.

1.02 ಮಿ.ಮೀ. ಎಂಬ ಫಲಿತಾಂಶ ಪತ್ರದಲ್ಲಿ ಇಲ್ಲ. ಮೊದಲು ಇತ್ತು, ತೆಗೆದೆವು. ಮೆಚ್ಚುಗೆಯ ಪತ್ರದ ಅಂಕಿಯನ್ನು ನಾಳೆ ಪರ್ಚೇಸಿನವರು ಭರವಸೆ ಎಂದು ಎತ್ತಿ ತೋರಿಸಬಹುದು. ತಗಡು, ಎಣ್ಣೆ, ಕುಷನ್ ಒತ್ತಡ ಬದಲಾದರೆ ಆ ಅಂಕಿ ಬದಲಾಗುತ್ತದೆ. ಅದರ ಜಾಗ ವರದಿಯಲ್ಲಿ, ಷರತ್ತುಗಳ ಜೊತೆ. 0.02 ಉಳಿಯಿತು, ಅದು ನಾವು ಅಳೆದು ಕೊಟ್ಟ ಪಿನ್‌ಗಳ ಸಂಗತಿ.

"ಎಂದಿನಂತೆ ನನಗೇ ಬರೆಯಿರಿ" ಎಂಬ ಸಾಲು ಕೆಲವರಿಗೆ ಒರಟೆನಿಸಬಹುದು. ಅದು ಬೇಕಿತ್ತು. ಹೆಸರು ಗೊತ್ತಾದ ಮೇಲೆ ಗಿರಾಕಿಯವರು ರಾತ್ರಿ ಪಾಳಿಯಲ್ಲಿ ನೇರ ಮಲ್ಲಪ್ಪನಿಗೇ ಫೋನ್ ಮಾಡತೊಡಗಿದರೆ, ಸಿಕ್ಕ ಶ್ರೇಯ ಅವನ ನಿದ್ದೆಗೆ ಮುಳುವಾಗುತ್ತದೆ.

ಪ್ರತಿಗಳು ಮೂಲ ಮೇಲಿನಲ್ಲಿದ್ದವರೆಲ್ಲರಿಗೂ ಹೋದವು. ಹೊಗಳಿಕೆಯನ್ನು ಯಾರ್‍ಯಾರು ಓದಿದ್ದರೋ ತಿದ್ದುಪಡಿಯನ್ನೂ ಅವರೆಲ್ಲ ಓದಬೇಕಲ್ಲ. ಶಾಪಿನ ಮೇಲ್ ವಿಳಾಸ ಇದ್ದದ್ದು ಸುವರ್ಣಾಳಿಗೆ ಮಾತ್ರ. ಅವಳೊಬ್ಬಳನ್ನೇ ಸೇರಿಸಿ ಉಳಿದವರನ್ನು ಬಿಡುವುದು ಸರಿ ಕಾಣಲಿಲ್ಲ, ಎಲ್ಲರಿಗೂ ಕಾಗದದ ಪ್ರತಿ ಕೊಟ್ಟೆವು. ಗುರುವಾರ ನಮ್ಮ ವಾರದ ರಜೆ. ಅದಕ್ಕೆ ಮುಂಚೆ, ಬುಧವಾರ ಸಂಜೆಯೇ ಪತ್ರ ಹೋಯಿತು. ತಡವಾಗಿದ್ದರೆ ಆ ಮೇಲ್ ಸರಣಿ ಮುಂದಿನ ಆರ್ಡರಿನ ಮಾತಿಗೆ ಹೊರಳಿ, ಇದನ್ನು ಯಾರೂ ತೆರೆಯುತ್ತಿರಲಿಲ್ಲ.

ಆಮೇಲೆ ಆದದ್ದು

ಶುಕ್ರವಾರ ಬೆಳಿಗ್ಗೆ ಪಾಳಿ ಶುರುವಾಗುವ ಮುಂಚೆ ಈರಣ್ಣನವರು ಎರಡೂ ಪತ್ರಗಳನ್ನು ಶಾಪಿನಲ್ಲಿ ಓದಿ, ಕನ್ನಡದಲ್ಲಿ ಒಮ್ಮೆ ಮರಾಠಿಯಲ್ಲಿ ಒಮ್ಮೆ ಅರ್ಥ ಹೇಳಿದರು. ಸ್ಟೋರಿನ ಹುಡುಗನಿಗೆ ತನ್ನ ಹೆಸರಿಲ್ಲದ್ದು ಬೇಸರವಾಗಿತ್ತು. ಭಾನುವಾರ ಡೈಮಂಡ್ ಪೇಸ್ಟ್ ಮುಗಿದಾಗ ಬೀಗ ತೆಗೆದು ತಂದುಕೊಟ್ಟವನು ಅವನೇ. ಈರಣ್ಣನವರು ಅವನನ್ನು ಬುಧವಾರವೇ ಮಾತಾಡಿಸಿದ್ದರೂ, ಪತ್ರ ಓದಿದ ಮೇಲೆ ಮತ್ತೆ ಕೂರಿಸಿಕೊಂಡು, ಯಾವ ಲೆಕ್ಕದಲ್ಲಿ ಹೆಸರು ಬರೆದೆವು ಎಂದು ಬಿಡಿಸಿ ಹೇಳಿದರು. ಬೇಸರ ಪೂರ್ತಿ ಹೋಯಿತೆಂದು ನಾನು ಹೇಳಲಾರೆ. ಆದರೆ ಅವನ ಹೆಸರು ಸೇರಿಸಿ ಗಿರಾಕಿಗೆ ಎರಡನೆಯ ಪತ್ರ ಕಳಿಸುವ ಸಲಹೆಯನ್ನು ನಾವು ಒಪ್ಪಲಿಲ್ಲ. ಹಾಗೆ ಶುರುವಾದರೆ ಅದಕ್ಕೆ ಕೊನೆಯಿಲ್ಲ, ಮೊದಲ ಪತ್ರದ ಐದು ಹೆಸರುಗಳ ತೂಕವೂ ಹೋಗುತ್ತದೆ.

ಪ್ಲಾಂಟ್ ಹೆಡ್ ಎರಡು ಸಾಲಿನ ಮರುತ್ತರ ಬರೆದರು. ಸಂತೋಷ್ ಹೀಗೆ ಇಟ್ಟಿದ್ದು ತಮಗೆ ಗೊತ್ತಿರಲಿಲ್ಲ, ಪತ್ರವನ್ನು ಅವನ ಸೂಪರ್‌ವೈಸರಿಗೆ ಕಳಿಸಿದ್ದೇನೆ ಎಂದು. ಅವರ ಪ್ರೆಸ್ ಶಾಪಿನಲ್ಲಿ ಈಗ ಅಂಥ ಮಾದರಿಗಳನ್ನು ಇಡಲು ಲೇಬಲ್ ಹಚ್ಚಿದ ಒಂದು ರ್‍ಯಾಕ್ ಇದೆ ಎಂದು ಮಲ್ಲಪ್ಪ ನೋಡಿ ಬಂದು ಹೇಳಿದ.

ಮುಂದಿನ ಸಲ ಅದೇ ಗಿರಾಕಿಯಿಂದ ಬೇರೊಂದು ಡೈ ವಿಷಯಕ್ಕೆ ಮೇಲ್ ಬಂದಾಗ, ಅದು ಈರಣ್ಣನವರಿಗೇ ಬಂತು. ಒಳಗೆ ಹೀಗಿತ್ತು: "ಸುವರ್ಣಾ ಅವರು ಬರುವುದಾದರೆ ಹಿಂದಿನ ವಾರದ ಮಾದರಿಗಳನ್ನು ತಾರೀಖು ಹಾಕಿ ಇಡಿಸುತ್ತೇವೆ." ಮಾಲೀಕರು ಆ ಸಾಲಿನ ಪ್ರತಿಯನ್ನೂ ಬುಧವಾರದ ಪತ್ರದ ಪ್ರತಿಯನ್ನೂ ಸುವರ್ಣಾಳ ಫೈಲಿಗೆ ಸೇರಿಸಲು ಹೇಳಿದರು. ಉಳಿದ ನಾಲ್ವರಲ್ಲಿ ನಮ್ಮ ಪಗಾರದ ಮೇಲಿರುವ ಇಬ್ಬರ ಫೈಲಿಗೂ ಪತ್ರ ಸೇರಿತು. ಸಲೀಂ ಭಾಯಿಗೆ ನಮ್ಮಲ್ಲಿ ಫೈಲಿಲ್ಲ. ಅವರ ಪ್ರತಿಗೆ ಮಾಲೀಕರು ಸಹಿ ಮಾಡಿ ಸೀಲ್ ಹಾಕಿ ಕೊಟ್ಟರು; ಬೇರೆ ಶಾಪಿಗೆ ಹೋದಾಗ ತೋರಿಸಲು ಆದೀತು ಎಂದು ಅವರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಸಿಕೊಂಡು ಒಯ್ದರು.